ಸಿಟ್ಟಿನಲ್ಲಿರುವ ಗ್ರಾಹಕರ ಕರೆಯನ್ನು ಇಂಗ್ಲಿಷಿನಲ್ಲಿ ನಿಭಾಯಿಸುವುದು ಹೇಗೆ: ಮೊದಲ ಮಾತಿನಿಂದ ಕೊನೆಯ ಟಿಪ್ಪಣಿಯವರೆಗೆ

ಕಾಲ್ ಸೆಂಟರಿಗೆ ಹೊಸದಾಗಿ ಸೇರಿದವರ ಕರೆಗಳ ಧ್ವನಿಮುದ್ರಣ ಕೇಳಿ ತಿದ್ದುವುದು ನನ್ನ ಕೆಲಸ. ಗ್ರಾಹಕರು ಶಾಂತವಾಗಿರುವಾಗ ಚೊಕ್ಕ ಇಂಗ್ಲಿಷ್ ಮಾತನಾಡುವವರೇ, ಆ ಕಡೆಯ ದನಿ ಏರಿದ ಕೂಡಲೇ ಎಡವುತ್ತಾರೆ. ಎಡವುವ ಜಾಗವೂ ಹೆಚ್ಚು ಕಡಿಮೆ ಒಂದೇ. ಗಾಬರಿಯಾದಾಗ ಮನಸ್ಸು ಕನ್ನಡಕ್ಕೆ ಮರಳುತ್ತದೆ, ನಾಲಿಗೆ ಅದನ್ನು ಪದಕ್ಕೆ ಪದವಾಗಿ ಇಂಗ್ಲಿಷಿಗೆ ತಿರುಗಿಸುತ್ತದೆ. ‘ಹೇಳಿ ಮೇಡಂ, ಏನು ನಿಮ್ಮ ಸಮಸ್ಯೆ?’ ಎಂಬುದು ಕನ್ನಡದಲ್ಲಿ ಮರ್ಯಾದೆಯ ಮಾತು. ಅದೇ ಮಾತು ‘ಟೆಲ್ ಮಿ ಮ್ಯಾಮ್, ವಾಟ್ ಈಸ್ ಯುವರ್ ಪ್ರಾಬ್ಲಮ್?’ ಎಂದಾದರೆ, ಇಂಗ್ಲಿಷ್ ಮನೆಮಾತಾಗಿರುವವರ ಕಿವಿಗೆ ‘ನಿನಗೇನು ಬಂದಿದೆ?’ ಎಂದು ಜಗಳಕ್ಕೆ ಕರೆದಂತೆ ಕೇಳುತ್ತದೆ.

ಕಾರಣ ಸರಳ. ಕನ್ನಡದಲ್ಲಿ ಮರ್ಯಾದೆ ಇರುವುದು ಕ್ರಿಯಾಪದದ ಬಾಲದಲ್ಲಿ: ಹೇಳು, ಹೇಳಿ. ಇಂಗ್ಲಿಷಿಗೆ ಆ ಬಾಲವಿಲ್ಲ. ಅಲ್ಲಿ ಮರ್ಯಾದೆಯನ್ನು ವಾಕ್ಯದ ತಲೆಯಲ್ಲೇ ಇಡಬೇಕು: ‘ಕುಡ್ ಯು’, ‘ಮೇ ಐ’, ‘ವುಡ್ ಯು ಮೈಂಡ್’. ಈ ಮಾರ್ಗದರ್ಶಿಯ ಹೆಚ್ಚಿನ ವಾಕ್ಯಗಳು ಈ ಒಂದು ಕೊರತೆಯನ್ನು ತುಂಬಲೆಂದೇ ಇವೆ.

ಉದ್ದಕ್ಕೂ ಒಂದೇ ಕರೆಯನ್ನು ಹಿಡಿದು ಹೋಗೋಣ. ಮಹಿಳೆಯೊಬ್ಬರು ಆನ್‌ಲೈನಿನಲ್ಲಿ ಪ್ರಿಂಟರ್ ಕೊಂಡಿದ್ದಾರೆ. ಅವರ ಕಾರ್ಡಿನಿಂದ ಒಂದೇ ಮೊತ್ತ ಎರಡು ಬಾರಿ ಹೋಗಿದೆ. ಮೊದಲ ಕರೆ ಹೋಲ್ಡ್‌ನಲ್ಲಿದ್ದಾಗಲೇ ಕಡಿದುಹೋಗಿತ್ತು. ಎರಡನೆಯ ಕರೆಯಲ್ಲಿ ‘24 ಗಂಟೆಯಲ್ಲಿ ಹಣ ಬರುತ್ತದೆ’ ಎಂದು ಯಾರೋ ಹೇಳಿದ್ದರು. ಹಣ ಬಂದಿಲ್ಲ. ಈಗಿನದು ಮೂರನೆಯ ಕರೆ, ಅದು ನಿಮಗೆ ಬಂದಿದೆ.

## ಕರೆಗೆ ಮುನ್ನ ಕೈಗೆಟುಕುವಂತೆ ಇರಬೇಕಾದವು

ಒಂದು ಹಾಳೆ, ಒಂದು ಪೆನ್ನು, ಕುಡಿಯಲು ನೀರು. ಕಂಪ್ಯೂಟರಿನಲ್ಲೇ ಟೈಪ್ ಮಾಡಿಕೊಳ್ಳುತ್ತೇನೆ ಎನ್ನಬೇಡಿ. ಗ್ರಾಹಕರು ಕೂಗುತ್ತಿರುವಾಗ ಕೀಲಿಮಣೆಯ ಟಕಟಕ ಅವರಿಗೆ ಕೇಳಿಸಿದರೆ, ನೀವು ಬೇರೇನೋ ಕೆಲಸದಲ್ಲಿದ್ದೀರಿ ಎಂದು ಅವರಿಗೆ ಅನ್ನಿಸುತ್ತದೆ.

ಇದಲ್ಲದೆ ಮೂರು ವಿಷಯಗಳು ನಿಮಗೆ ಮೊದಲೇ ಗೊತ್ತಿರಬೇಕು. ಸೂಪರ್‌ವೈಸರನ್ನು ಕೇಳದೆ ನೀವೇ ಎಷ್ಟು ಮೊತ್ತದವರೆಗೆ ರಿಫಂಡ್ ಕೊಡಬಹುದು? ಹೋಲ್ಡ್‌ನಲ್ಲಿ ಹೆಚ್ಚೆಂದರೆ ಎಷ್ಟು ಹೊತ್ತು ಇಡಬಹುದು? ಬೈಗುಳ ಕೇಳಿದಾಗ ಎಷ್ಟು ಎಚ್ಚರಿಕೆ ಕೊಟ್ಟು ಕರೆ ಮುಗಿಸಬಹುದು? ಇವು ಪ್ರತಿ ಸಂಸ್ಥೆಯಲ್ಲೂ ಬೇರೆ ಬೇರೆ. ಕರೆಯ ನಡುವೆ ಇವನ್ನು ಹುಡುಕಲು ಹೊರಟರೆ ನಿಮ್ಮ ದನಿಯಲ್ಲೇ ಅಳುಕು ಕಾಣಿಸಿಕೊಳ್ಳುತ್ತದೆ.

## ಹಂತ 1: ಮೊದಲ ಒಂದು ನಿಮಿಷ ಬಾಯಿ ಹಾಕಬೇಡಿ, ಆದರೆ ಪೂರ್ತಿ ಮೌನವೂ ಬೇಡ

ಸಿಟ್ಟಿನಲ್ಲಿ ಕರೆ ಮಾಡಿದವರು ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಹಲವು ಬಾರಿ ಹೇಳಿಕೊಂಡು ಬಂದಿರುತ್ತಾರೆ. ನಡುವೆ ತಡೆದರೆ ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ, ಈ ಸಲ ಇನ್ನೂ ಜೋರಾಗಿ. ಅದಕ್ಕಾಗಿ ಅವರ ಮಾತು ತಾನಾಗಿಯೇ ನಿಲ್ಲುವವರೆಗೆ ಬಿಡಿ. ಸಾಮಾನ್ಯವಾಗಿ ಒಂದು ನಿಮಿಷದ ಆಸುಪಾಸಿನಲ್ಲಿ ಅದು ನಿಲ್ಲುತ್ತದೆ.

ಆದರೆ ಫೋನಿನಲ್ಲಿ ನಿಮ್ಮ ತಲೆಯಾಡಿಸುವಿಕೆ ಕಾಣುವುದಿಲ್ಲ. ಏನೂ ಸದ್ದಿಲ್ಲದಿದ್ದರೆ ‘ಹಲೋ? ಆರ್ ಯು ಈವನ್ ದೇರ್?’ ಎಂಬ ಕೂಗು ಬರುತ್ತದೆ. ಅವರು ಉಸಿರು ತೆಗೆದುಕೊಳ್ಳುವಲ್ಲಿ, ತಗ್ಗಿದ ದನಿಯಲ್ಲಿ, ‘ಐ ಸೀ’ ಅಥವಾ ‘ರೈಟ್’ ಎನ್ನಿ. ನಮ್ಮ ಮನೆಮಾತಿನ ‘ಹ್ಞೂಂ, ಹ್ಞೂಂ’ ಇಂಗ್ಲಿಷ್ ಕರೆಯಲ್ಲಿ ಅಸಡ್ಡೆಯಂತೆ ಕೇಳಿಸುತ್ತದೆ. ‘ಓಕೆ, ಓಕೆ, ಓಕೆ’ ಎಂದು ಬೇಗ ಬೇಗ ಹೇಳಿದರೆ ‘ಸಾಕು ಮುಗಿಸಿ’ ಎಂದಂತೆ.

ಕೇಳುತ್ತಲೇ ಹಾಳೆಯಲ್ಲಿ ಮೂರು ಸಂಗತಿ ಬರೆದುಕೊಳ್ಳಿ: ಏನಾಯಿತು, ಎಷ್ಟು ಸಲ ಅಥವಾ ಯಾವಾಗ ಆಯಿತು, ಅದರಿಂದ ಅವರಿಗೆ ಏನು ಕಷ್ಟವಾಯಿತು. ನಮ್ಮ ಗ್ರಾಹಕಿಯ ವಿಷಯದಲ್ಲಿ ಹಾಳೆಯ ಮೇಲೆ ಇಷ್ಟು ಇರುತ್ತದೆ: ಎರಡು ಬಾರಿ ಕಡಿತ, ಮೂರನೆಯ ಕರೆ, ಮನೆ ಬಾಡಿಗೆಗೆ ಇಟ್ಟಿದ್ದ ಹಣ. ಮೂರನೆಯದನ್ನು ಹೊಸಬರು ಬರೆದುಕೊಳ್ಳುವುದೇ ಇಲ್ಲ. ಸಿಟ್ಟಿನ ಬೇರು ಇರುವುದೇ ಅಲ್ಲಿ.

## ಹಂತ 2: ಮೊದಲ ವಾಕ್ಯದಲ್ಲಿ ಅವರ ಮಾತನ್ನೇ ಅವರಿಗೆ ಕೇಳಿಸಿ

ಇಡೀ ಕರೆಯ ದಿಕ್ಕು ತಿರುಗುವುದು ಇಲ್ಲಿ. ಆದ್ದರಿಂದ ಈ ಹಂತಕ್ಕೆ ಹೆಚ್ಚು ಸಮಯ ಕೊಡಿ.

ಬಹುತೇಕರ ಬಾಯಿಗೆ ತಟ್ಟನೆ ಬರುವುದು ‘ಸಾರಿ ಫಾರ್ ದಿ ಇನ್‌ಕನ್ವೀನಿಯೆನ್ಸ್’. ಈ ವಾಕ್ಯ ಸವೆದುಹೋಗಿದೆ. ಕೆಟ್ಟುಹೋದ ಲಿಫ್ಟಿನ ಬಾಗಿಲಿಗೂ ಅದನ್ನೇ ಅಂಟಿಸಿರುತ್ತಾರೆ. ಬಾಡಿಗೆಯ ಹಣ ಕಳೆದುಕೊಂಡವರಿಗೆ ಅದನ್ನು ಹೇಳಿದರೆ, ನೀವು ಏನೂ ಕೇಳಿಸಿಕೊಂಡಿಲ್ಲ ಎಂದು ಅವರಿಗೆ ಖಾತ್ರಿಯಾಗುತ್ತದೆ. ಬದಲಿಗೆ ಹಾಳೆಯ ಮೇಲಿರುವ ಮೂರನ್ನು ಹಾಗೆಯೇ ಓದಿ ಹೇಳಿ:

‘ಯು ವರ್ ಚಾರ್ಜ್ಡ್ ಟ್ವೈಸ್. ದಿಸ್ ಈಸ್ ಯುವರ್ ಥರ್ಡ್ ಕಾಲ್. ಅಂಡ್ ದಟ್ ಮನಿ ವಾಸ್ ಫಾರ್ ಯುವರ್ ರೆಂಟ್.’

ಇಲ್ಲಿ ಒಂದು ಕ್ಷಣ ನಿಲ್ಲಿ. ಆಮೇಲೆ: ‘ಐ ಆಮ್ ಸಾರಿ ದಟ್ ಯು ಹ್ಯಾಡ್ ಟು ಕಾಲ್ ಅಸ್ ಅಗೇನ್. ಐ ಕ್ಯಾನ್ ಸೀ ವೈ ಯು ಆರ್ ಅಪ್‌ಸೆಟ್.’

ಕ್ಷಮೆ ಯಾವುದಕ್ಕೆ ಎಂಬುದು ಆ ವಾಕ್ಯದೊಳಗೇ ಇದೆ ಎಂಬುದನ್ನು ಗಮನಿಸಿ. ಮತ್ತೆ ಕರೆ ಮಾಡಬೇಕಾಗಿ ಬಂದದ್ದು ನಿಮ್ಮ ಸಂಸ್ಥೆಯಿಂದಲೇ ಆದದ್ದು, ಅದಕ್ಕೆ ಧೈರ್ಯವಾಗಿ ಕ್ಷಮೆ ಕೇಳಬಹುದು. ಹಣ ಎರಡು ಬಾರಿ ಹೋಗಿದ್ದು ಯಾರ ತಪ್ಪು ಎಂಬುದು ಇನ್ನೂ ಗೊತ್ತಿಲ್ಲ, ಅದನ್ನು ಈಗಲೇ ಒಪ್ಪಿಕೊಳ್ಳಬೇಕಿಲ್ಲ. ಕ್ಷಮೆ ಒಮ್ಮೆ ಕೇಳಿದರೆ ಸಾಕು. ಪ್ರತಿ ವಾಕ್ಯಕ್ಕೂ ‘ಸಾರಿ ಮ್ಯಾಮ್, ಸಾರಿ ಮ್ಯಾಮ್’ ಎಂದರೆ ಅದು ಬರಿಯ ಗೋಗರೆತವಾಗುತ್ತದೆ, ನಿಮ್ಮ ಕೈಯಲ್ಲಿ ಏನೂ ಇಲ್ಲ ಎಂಬ ಭಾವನೆ ಹುಟ್ಟಿಸುತ್ತದೆ.

ಇದೇ ಹಂತದಲ್ಲಿ ಬಾಯಿಗೆ ಬರಬಾರದ ಮಾತುಗಳು ಕೆಲವಿವೆ. ‘ಪ್ಲೀಸ್ ಕಾಮ್ ಡೌನ್’ ಎಂಬುದು ಮೊದಲನೆಯದು. ಅದು ಸಮಾಧಾನದ ಮಾತಲ್ಲ, ‘ನಿಮ್ಮ ವರ್ತನೆ ಸರಿಯಿಲ್ಲ’ ಎಂಬ ತೀರ್ಪು. ಎರಡನೆಯದು ‘ಐ ಅಂಡರ್‌ಸ್ಟ್ಯಾಂಡ್, ಬಟ್’. ‘ಬಟ್’ ಬಂದ ಕೂಡಲೇ ಅದಕ್ಕೆ ಮೊದಲು ಹೇಳಿದ್ದೆಲ್ಲ ಅಳಿಸಿಹೋಗುತ್ತದೆ. ‘ಬಟ್’ ಇರುವಲ್ಲಿ ಪೂರ್ಣವಿರಾಮ ಹಾಕಿ, ಮುಂದಿನ ವಾಕ್ಯವನ್ನು ಹೊಸದಾಗಿ ಆರಂಭಿಸಿ. ಮೂರನೆಯದು ‘ಆಕ್ಚುವಲಿ’. ನಮಗೆ ಅದು ಉಸಿರಾಟದಷ್ಟು ಸಹಜವಾಗಿಬಿಟ್ಟಿದೆ, ಅವರಿಗೆ ಮಾತ್ರ ‘ನೀವು ಹೇಳಿದ್ದು ತಪ್ಪು’ ಎಂದು ಕೇಳಿಸುತ್ತದೆ.

## ಹಂತ 3: ಹೊಣೆ ಹೊತ್ತು, ಆಮೇಲೆ ಪ್ರಶ್ನೆ ಕೇಳಿ

ಈ ಎರಡರ ಅನುಕ್ರಮ ಬದಲಾಗಬಾರದು. ಮೊದಲು ‘ಐ ವಿಲ್ ಲುಕ್ ಇನ್‌ಟು ದಿಸ್ ವಿತ್ ಯು ರೈಟ್ ನೌ’ ಎನ್ನಿ. ಆಮೇಲಷ್ಟೇ ಆರ್ಡರ್ ಸಂಖ್ಯೆ, ಖಾತೆಯ ವಿವರ. ನೇರವಾಗಿ ‘ಗಿವ್ ಮಿ ಯುವರ್ ಆರ್ಡರ್ ನಂಬರ್’ ಎಂದರೆ, ಇಷ್ಟು ಹೊತ್ತು ಹೇಳಿದ್ದು ಗೋಡೆಗೆ ಹೇಳಿದಂತಾಯಿತು ಎಂದು ಅವರು ಮತ್ತೆ ಕೆರಳುತ್ತಾರೆ.

ಪ್ರಶ್ನೆಗೆ ಕಾರಣವನ್ನು ಮುಂದೆ ಕಟ್ಟಿ: ‘ಸೋ ದಟ್ ಐ ಕ್ಯಾನ್ ಸೀ ಬೋತ್ ಚಾರ್ಜಸ್, ಮೇ ಐ ಹ್ಯಾವ್ ಯುವರ್ ಆರ್ಡರ್ ನಂಬರ್, ಪ್ಲೀಸ್?’ ಗುರುತಿನ ಪ್ರಶ್ನೆಗಳಿಗೂ ಇದೇ ಉಪಾಯ: ‘ಟು ಪ್ರೊಟೆಕ್ಟ್ ಯುವರ್ ಅಕೌಂಟ್, ಐ ನೀಡ್ ಟು ಆಸ್ಕ್ ಟೂ ಕ್ವೆಶ್ಚನ್ಸ್.’ ಎಷ್ಟು ಪ್ರಶ್ನೆ ಎಂದು ಮೊದಲೇ ಹೇಳಿಬಿಡಿ, ಹೇಳಿದಷ್ಟೇ ಕೇಳಿ.

‘ಒಂದು ಕೆಲಸ ಮಾಡಿ’ ಎಂಬುದನ್ನು ‘ಡೂ ಒನ್ ಥಿಂಗ್’ ಎಂದು ಹೇಳುವ ಅಭ್ಯಾಸ ನಮ್ಮಲ್ಲಿ ಆಳವಾಗಿದೆ. ಹೊರಗಿನವರಿಗೆ ಅದು ಅಪ್ಪಣೆ. ‘ಕುಡ್ ಯು ಪ್ಲೀಸ್ ಚೆಕ್ ಯುವರ್ ಸ್ಟೇಟ್‌ಮೆಂಟ್ ಫಾರ್ ಮಿ?’ ಎಂದರೆ ಅದೇ ಕೆಲಸವಾಗುತ್ತದೆ.

## ಹಂತ 4: ತಪ್ಪಾಗಿ ಕೇಳಿಸಿಕೊಳ್ಳುವ ಮೂರು ಜಾಗಗಳಲ್ಲಿ ನಿಧಾನಿಸಿ

ಇಂಗ್ಲಿಷ್ ಕರೆಯಲ್ಲಿ ಕನ್ನಡಿಗರು ಜಾರುವ ಮೂರು ಜಾಗಗಳು ಇಲ್ಲಿವೆ. ಮೂರರಿಂದಲೂ ಕರೆ ಪೂರ್ತಿ ಹಾಳಾದದ್ದನ್ನು ಕೇಳಿದ್ದೇನೆ.

ಮೊದಲನೆಯದು ‘ಯೆಸ್’. ‘ಸೋ ಯು ಹ್ಯಾವ್ ನಾಟ್ ರಿಸೀವ್ಡ್ ಮೈ ಇಮೇಲ್?’ ಎಂದು ಗ್ರಾಹಕರು ಕೇಳುತ್ತಾರೆ. ಕನ್ನಡದಲ್ಲಿ ನಾವು ‘ಹೌದು, ಬಂದಿಲ್ಲ’ ಎನ್ನುತ್ತೇವೆ, ಹಾಗಾಗಿ ‘ಯೆಸ್’ ಎಂದುಬಿಡುತ್ತೇವೆ. ಅವರಿಗೆ ಅದು ಅರ್ಥವಾಗುವುದು ‘ಬಂದಿದೆ’ ಎಂದು, ಇಲ್ಲವೇ ಗೊಂದಲವಾಗುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದೇ ತಪ್ಪು ಮಾಡಿದ್ದೆ. ಐದು ನಿಮಿಷದ ಬಳಿಕ ‘ಇಮೇಲ್ ಬಂದಿಲ್ಲ’ ಎಂದು ಹೇಳಿದಾಗ ಆ ಗ್ರಾಹಕರು ನನ್ನನ್ನು ಸುಳ್ಳುಗಾರ ಎಂದರು. ಅವರ ಜಾಗದಲ್ಲಿ ಯಾರಿದ್ದರೂ ಹಾಗೆಯೇ ಅನ್ನುತ್ತಿದ್ದರು. ಇಲ್ಲ ಎಂಬ ಅರ್ಥದ ಪ್ರಶ್ನೆ ಬಂದಾಗ ‘ಯೆಸ್’, ‘ನೋ’ ಎರಡನ್ನೂ ಬಿಟ್ಟು ಪೂರ್ಣ ವಾಕ್ಯ ಹೇಳಿ: ‘ವಿ ಹ್ಯಾವ್ ನಾಟ್ ರಿಸೀವ್ಡ್ ಇಟ್.’

ಎರಡನೆಯದು ‘ಕ್ಯಾನ್’ ಮತ್ತು ‘ಕಾಂಟ್’. ಕೊನೆಯ ‘ಟ್’ ಫೋನಿನಲ್ಲಿ ಸುಲಭವಾಗಿ ನುಂಗಿಹೋಗುತ್ತದೆ. ಆಗದು ಎನ್ನುವಾಗ ಯಾವಾಗಲೂ ‘ಕ್ಯಾನಾಟ್’ ಎಂದು ಬಿಡಿಸಿ ಹೇಳಿ.

ಮೂರನೆಯದು ಸಂಖ್ಯೆ. ‘ಫಿಫ್ಟೀನ್’ ಮತ್ತು ‘ಫಿಫ್ಟಿ’ ಒಂದೇ ಥರ ಕೇಳಿಸುತ್ತವೆ. ‘ಫಿಫ್ಟೀನ್, ದಟ್ ಈಸ್ ಒನ್ ಫೈವ್’ ಎಂದು ಅಂಕಿ ಬಿಡಿಸಿ ಖಚಿತಪಡಿಸಿಕೊಳ್ಳಿ.

ಅವರ ಉಚ್ಚಾರವೇ ಅರ್ಥವಾಗದಿದ್ದರೆ ಅರ್ಥವಾದಂತೆ ನಟಿಸಬೇಡಿ. ‘ವಾಟ್?’ ಎಂದೂ ‘ಕಮ್ ಅಗೇನ್’ ಎಂದೂ ಕೇಳಬೇಡಿ. ‘ಐ ವಾಂಟ್ ಟು ಗೆಟ್ ದಿಸ್ ರೈಟ್. ಕುಡ್ ಯು ಪ್ಲೀಸ್ ರಿಪೀಟ್ ದಿ ಲಾಸ್ಟ್ ಪಾರ್ಟ್?’ ಎನ್ನಿ. ಸರಿಯಾಗಿ ಬರೆದುಕೊಳ್ಳಬೇಕೆಂಬ ಕಾಳಜಿ ಆ ವಾಕ್ಯದಲ್ಲೇ ಇರುವುದರಿಂದ ಯಾರೂ ಬೇಸರಿಸುವುದಿಲ್ಲ.

## ಹಂತ 5: ಹೋಲ್ಡ್‌ಗೆ ಹಾಕುವ ಮುನ್ನ ಕೇಳಿ, ಉತ್ತರಕ್ಕೆ ಕಾಯಿರಿ

ನಮ್ಮ ಗ್ರಾಹಕಿಯ ಮೊದಲ ಕರೆ ಹೋಲ್ಡ್‌ನಲ್ಲೇ ಕಡಿದುಹೋಗಿತ್ತು. ಈಗ ‘ಹೋಲ್ಡ್’ ಎಂಬ ಪದ ಕೇಳಿದರೇ ಅವರಿಗೆ ಮೈ ಉರಿಯುತ್ತದೆ. ಸಾಧ್ಯವಾದರೆ ಹೋಲ್ಡ್ ಬೇಡವೇ ಬೇಡ. ‘ಐ ಆಮ್ ಓಪನಿಂಗ್ ಯುವರ್ ಪೇಮೆಂಟ್ ಪೇಜ್ ನೌ’ ಎಂದು ಮಾಡುತ್ತಿರುವುದನ್ನು ಹೇಳುತ್ತಲೇ ನೋಡಿ.

ತಪ್ಪದಿದ್ದರೆ, ಕಾರಣ, ಸಮಯ, ಅನುಮತಿ ಮೂರನ್ನೂ ಒಟ್ಟಿಗೆ ಹೇಳಿ: ‘ಐ ನೀಡ್ ಟು ಚೆಕ್ ವಿತ್ ಅವರ್ ಪೇಮೆಂಟ್ಸ್ ಟೀಮ್. ಇಟ್ ವಿಲ್ ಟೇಕ್ ಅಬೌಟ್ ಟೂ ಮಿನಿಟ್ಸ್. ಮೇ ಐ ಪುಟ್ ಯು ಆನ್ ಹೋಲ್ಡ್?’ ಅವರು ಒಪ್ಪುವವರೆಗೆ ಬಟನ್ ಒತ್ತಬೇಡಿ. ಈ ಕರೆಯಲ್ಲಿ ಇನ್ನೊಂದು ವಾಕ್ಯ ಸೇರಿಸುವುದು ಒಳ್ಳೆಯದು: ‘ಇಫ್ ವಿ ಗೆಟ್ ಡಿಸ್‌ಕನೆಕ್ಟೆಡ್, ಐ ವಿಲ್ ಕಾಲ್ ಯು ಬ್ಯಾಕ್ ಆನ್ ದಿಸ್ ನಂಬರ್.’ ನಿಮ್ಮಲ್ಲಿ ಹೊರಗೆ ಕರೆ ಮಾಡುವ ಅವಕಾಶ ಇದ್ದರೆ ಮಾತ್ರ ಇದನ್ನು ಹೇಳಿ. ಎರಡು ನಿಮಿಷದಲ್ಲಿ ಉತ್ತರ ಸಿಗದಿದ್ದರೂ ಹೇಳಿದ ಸಮಯಕ್ಕೆ ಮರಳಿ ಬಂದು ‘ಥ್ಯಾಂಕ್ ಯು ಫಾರ್ ವೇಟಿಂಗ್. ಐ ಆಮ್ ಸ್ಟಿಲ್ ವರ್ಕಿಂಗ್ ಆನ್ ಇಟ್’ ಎನ್ನಿ.

ಮ್ಯೂಟ್ ನಂಬಿ ಏನನ್ನೂ ಗೊಣಗಬೇಡಿ. ಬಟನ್ ಒತ್ತಿಲ್ಲದಿರಬಹುದು, ಧ್ವನಿಮುದ್ರಣದಲ್ಲಿ ಉಳಿಯಲೂಬಹುದು.

## ಹಂತ 6: ಆಗುವುದನ್ನು ಮೊದಲು ಹೇಳಿ, ಆಗದ್ದನ್ನು ಮುಚ್ಚಿಡಬೇಡಿ

ಪರದೆಯ ಮೇಲೆ ನಿಮಗೆ ಕಂಡದ್ದು ಹೀಗಿದೆ ಎಂದುಕೊಳ್ಳಿ: ಎರಡು ಕಡಿತಗಳಲ್ಲಿ ಒಂದು ಪೂರ್ಣಗೊಂಡಿದೆ, ಇನ್ನೊಂದು ‘ಪೆಂಡಿಂಗ್’. ಕಾರ್ಡಿನಿಂದ ಪಾವತಿ ಮಾಡಿದಾಗ ಬ್ಯಾಂಕ್ ಮೊದಲು ಆ ಮೊತ್ತವನ್ನು ತಡೆಹಿಡಿದು ಪಕ್ಕಕ್ಕಿಡುತ್ತದೆ, ಮಾರುವವರು ಅದನ್ನು ಪಡೆಯುವುದು ಆಮೇಲೆ. ಮೊದಲ ಯತ್ನ ಅರ್ಧಕ್ಕೆ ನಿಂತು ಗ್ರಾಹಕರು ಮತ್ತೆ ಪಾವತಿಸಿದರೆ, ಮೊದಲನೆಯದರ ಹಣ ಮಾರುವವರ ಕೈಸೇರದಿದ್ದರೂ ತಡೆಹಿಡಿದ ಸ್ಥಿತಿಯಲ್ಲೇ ಕೆಲವು ದಿನ ಉಳಿಯಬಹುದು. ಅದನ್ನು ಬಿಡುವುದು ಬ್ಯಾಂಕ್. ಎರಡನೆಯ ಕರೆಯಲ್ಲಿ ‘24 ಗಂಟೆ’ ಎಂದವರು ತಮ್ಮ ಕೈಯಲ್ಲಿಲ್ಲದ್ದಕ್ಕೆ ಮಾತು ಕೊಟ್ಟಿದ್ದರು.

ಇಲ್ಲಿ ದೊಡ್ಡ ಅಪಾಯವೆಂದರೆ ‘ವಿ ಡಿಡ್ ನಾಟ್ ಚಾರ್ಜ್ ಯು ಟ್ವೈಸ್’ ಎಂಬ ಉತ್ತರ. ಲೆಕ್ಕದ ಪ್ರಕಾರ ಅದು ನಿಜ. ಆದರೆ ಅವರ ಖಾತೆಯಲ್ಲಿ ಬಾಡಿಗೆ ಕೊಡಲು ಹಣವಿಲ್ಲ ಎಂಬುದೂ ಅಷ್ಟೇ ನಿಜ. ಹೀಗೆ ಹೇಳಿ ನೋಡಿ:

‘ಐ ಕ್ಯಾನ್ ಸೀ ಬೋತ್ ಅಮೌಂಟ್ಸ್. ಒನ್ ಪೇಮೆಂಟ್ ವೆಂಟ್ ಥ್ರೂ. ದಿ ಅದರ್ ಒನ್ ಈಸ್ ಪೆಂಡಿಂಗ್. ಯುವರ್ ಬ್ಯಾಂಕ್ ಈಸ್ ಹೋಲ್ಡಿಂಗ್ ದಟ್ ಮನಿ, ಸೋ ಯು ಕ್ಯಾನಾಟ್ ಯೂಸ್ ಇಟ್ ನೌ.’

ಆಮೇಲೆ, ‘ಹಿಯರ್ ಈಸ್ ವಾಟ್ ಐ ಕ್ಯಾನ್ ಡೂ ಟುಡೇ’ ಎಂದು ಆರಂಭಿಸಿ ನಿಮ್ಮ ಕೈಯಲ್ಲಿರುವುದನ್ನು ಹೇಳಿ. ಪೆಂಡಿಂಗ್ ಇರುವ ಮೊತ್ತ ಸಂಸ್ಥೆಗೆ ಬೇಡ ಎಂಬ ಪತ್ರವನ್ನು ಈಗಲೇ ಇಮೇಲ್ ಮಾಡಬಹುದು: ‘ಐ ಕ್ಯಾನ್ ಇಮೇಲ್ ಯು ಎ ಲೆಟರ್ ಸೇಯಿಂಗ್ ವಿ ವಿಲ್ ನಾಟ್ ಕಲೆಕ್ಟ್ ದಿಸ್ ಅಮೌಂಟ್. ಯುವರ್ ಬ್ಯಾಂಕ್ ಮೇ ರಿಲೀಸ್ ಇಟ್ ಸೂನರ್ ವಿತ್ ದಟ್.’ ಇಂಥ ಪತ್ರ ಕೊಡುವ ಪದ್ಧತಿ ನಿಮ್ಮಲ್ಲಿದೆಯೇ ಎಂದು ಮೊದಲೇ ತಿಳಿದಿಟ್ಟುಕೊಂಡಿರಿ. ದಿನಾಂಕ ಕೇಳಿದರೆ ಊಹಿಸಬೇಡಿ: ‘ಐ ಡು ನಾಟ್ ವಾಂಟ್ ಟು ಗಿವ್ ಯು ಎ ಡೇಟ್ ಐ ಕ್ಯಾನಾಟ್ ಕಂಟ್ರೋಲ್. ಯುವರ್ ಬ್ಯಾಂಕ್ ಕ್ಯಾನ್ ಟೆಲ್ ಯು.’ ಈಗಾಗಲೇ ಒಂದು ಸುಳ್ಳು ಗಡುವು ನಂಬಿದವರಿಗೆ ಈ ಪ್ರಾಮಾಣಿಕತೆಯೇ ಬೇಕಾಗಿರುವುದು. ಮೊದಲು ಬೇಸರಿಸಿಕೊಳ್ಳುತ್ತಾರೆ, ನಾಲ್ಕನೆಯ ಬಾರಿ ಕರೆ ಮಾಡಿ ಬೈಯುವುದಿಲ್ಲ.

‘ಇಟ್ಸ್ ಅವರ್ ಪಾಲಿಸಿ’ ಎಂಬುದನ್ನು ಉತ್ತರವಾಗಿ ಎಂದೂ ಬಳಸಬೇಡಿ. ನಿಯಮದ ಹಿಂದಿನ ಕಾರಣವನ್ನು ಒಂದು ವಾಕ್ಯದಲ್ಲಿ ಹೇಳಿದರೆ ಸಾಕು.

## ಕರೆ ಕೈತಪ್ಪುತ್ತಿರುವುದರ ಸುಳಿವುಗಳು

ಜೋರು ದನಿ ಅಪಾಯದ ಸುಳಿವಲ್ಲ. ಕೂಗುವವರು ಇನ್ನೂ ನಿಮ್ಮಿಂದ ಏನನ್ನೋ ನಿರೀಕ್ಷಿಸುತ್ತಿದ್ದಾರೆ. ಒಂದೇ ವಾಕ್ಯವನ್ನು ಮೂರನೆಯ ಬಾರಿ ಹೇಳುತ್ತಿದ್ದಾರೆ ಎಂದರೆ ನೀವು ಅದನ್ನು ಒಪ್ಪಿ ಹೇಳಿಲ್ಲ ಎಂದರ್ಥ, ಹಂತ 2ಕ್ಕೆ ಮರಳಿ. ಏರಿದ ದನಿ ಹಠಾತ್ತಾಗಿ ತಣ್ಣಗಾಗಿ, ಪದಗಳು ಬಿಡಿಬಿಡಿಯಾಗಿ ಬರತೊಡಗಿದರೆ ಅವರು ನಿಮ್ಮ ಮೇಲಿನ ನಂಬಿಕೆ ಬಿಟ್ಟಿದ್ದಾರೆ. ‘ಸೋ ವಾಟ್ ಯು ಆರ್ ಸೇಯಿಂಗ್ ಈಸ್’ ಎಂದು ಶುರು ಮಾಡಿದರೆ ನಿಮ್ಮ ಮಾತನ್ನು ದೂರಿಗಾಗಿ ಬರೆದುಕೊಳ್ಳುತ್ತಿರಬಹುದು. ಆಗ ಇನ್ನೂ ಚಿಕ್ಕ, ಇನ್ನೂ ಖಚಿತ ವಾಕ್ಯಗಳಿಗೆ ಬನ್ನಿ.

ನಿಮ್ಮದೇ ಸುಳಿವುಗಳನ್ನೂ ಗಮನಿಸಿ. ನಿಮ್ಮ ಮಾತು ವೇಗವಾಗುತ್ತಿದ್ದರೆ, ಒಂದೊಂದು ವಾಕ್ಯಕ್ಕೂ ‘ಮ್ಯಾಮ್’ ಸೇರುತ್ತಿದ್ದರೆ, ನೀವು ಹೆದರಿದ್ದೀರಿ. ಒಂದು ಗುಟುಕು ನೀರು ಕುಡಿಯಿರಿ. ವಾಕ್ಯವೊಂದಕ್ಕೆ ಹತ್ತು ಪದ ಮೀರದಂತೆ ನೋಡಿಕೊಳ್ಳಿ, ವಾಕ್ಯದ ಕೊನೆಯಲ್ಲಿ ದನಿಯನ್ನು ಇಳಿಸಿ. ದನಿ ಮೇಲಕ್ಕೆ ಹೋಗಿ ನಿಂತರೆ ಹೇಳಿದ್ದೆಲ್ಲ ಪ್ರಶ್ನೆಯಂತೆ ಕೇಳಿಸುತ್ತದೆ.

## ಹಂತ 7: ಸೂಪರ್‌ವೈಸರ್ ಬೇಕೆಂದರೆ, ಬೈಗುಳ ಬಂದರೆ

ಸೂಪರ್‌ವೈಸರನ್ನು ಕೇಳಿದಾಗ ‘ಅವರೂ ಇದನ್ನೇ ಹೇಳುತ್ತಾರೆ’ ಎಂದು ತಡೆಯಬೇಡಿ. ‘ಐ ಕ್ಯಾನ್ ಅರೇಂಜ್ ದಟ್. ಐ ವಿಲ್ ಎಕ್ಸ್‌ಪ್ಲೇನ್ ಎವೆರಿಥಿಂಗ್ ಟು ದೆಮ್ ಫಸ್ಟ್, ಸೋ ಯು ಡು ನಾಟ್ ಹ್ಯಾವ್ ಟು ರಿಪೀಟ್ ಇಟ್’ ಎನ್ನಿ, ಹೇಳಿದಂತೆ ಸೂಪರ್‌ವೈಸರಿಗೆ ಮೊದಲು ವಿಷಯ ತಿಳಿಸಿ ಆಮೇಲೆ ಕರೆ ಕೊಡಿ. ವಿಷಯ ತಿಳಿಸದೆ ಕರೆ ದಾಟಿಸುವುದು ನಾಲ್ಕನೆಯ ಕರೆಗೆ ಸಮ.

ಸಿಟ್ಟು ಬೇರೆ, ನಿಂದನೆ ಬೇರೆ. ‘ಯುವರ್ ಕಂಪನಿ ಈಸ್ ಯೂಸ್‌ಲೆಸ್’ ಎಂಬುದು ಸಿಟ್ಟು, ಅದನ್ನು ದಾಟಿ ಮುಂದೆ ಹೋಗಿ. ನಿಮ್ಮ ಹುಟ್ಟು, ಉಚ್ಚಾರ, ಹೆಣ್ಣುತನದ ಮೇಲೆ ಬಂದರೆ ಅದು ನಿಂದನೆ, ಸಹಿಸಬೇಕಿಲ್ಲ. ‘ಐ ವಾಂಟ್ ಟು ಹೆಲ್ಪ್ ಯು. ಐ ಕ್ಯಾನಾಟ್ ಕಂಟಿನ್ಯೂ ಇಫ್ ಯು ಸ್ಪೀಕ್ ಟು ಮಿ ಲೈಕ್ ದಿಸ್’ ಎಂದು ದನಿ ಏರಿಸದೆ ಹೇಳಿ. ನಿಂದನೆ ಮುಂದುವರಿದರೆ ನಿಮ್ಮ ಸಂಸ್ಥೆ ಒಪ್ಪಿರುವಷ್ಟು ಎಚ್ಚರಿಕೆ ಕೊಟ್ಟು, ‘ಐ ಆಮ್ ಎಂಡಿಂಗ್ ದಿಸ್ ಕಾಲ್ ನೌ’ ಎಂದು ಹೇಳಿಯೇ ಮುಗಿಸಿ. ಸದ್ದಿಲ್ಲದೆ ಕಡಿಯಬೇಡಿ. ಯಾರಿಗಾದರೂ, ಅಥವಾ ತಮಗೇ, ಹಾನಿ ಮಾಡಿಕೊಳ್ಳುವ ಮಾತು ಬಂದರೆ ಎಚ್ಚರಿಕೆ, ಎಣಿಕೆ ಯಾವುದೂ ಇಲ್ಲ. ಕರೆ ಕಡಿಯದೆ ತಕ್ಷಣ ಸೂಪರ್‌ವೈಸರನ್ನು ಕೈಸನ್ನೆಯಿಂದ ಕರೆಯಿರಿ.

## ಹಂತ 8: ಮುಗಿಸುವುದು, ಬರೆದಿಡುವುದು

‘ಈಸ್ ದೇರ್ ಎನಿಥಿಂಗ್ ಎಲ್ಸ್?’ ಎಂದು ಲವಲವಿಕೆಯಿಂದ ಕೇಳಲು ಅವಸರಿಸಬೇಡಿ. ಮೊದಲು ಒಪ್ಪಿಕೊಂಡದ್ದನ್ನು ಮತ್ತೆ ಹೇಳಿ: ‘ಐ ಆಮ್ ಸೆಂಡಿಂಗ್ ದಿ ಲೆಟರ್ ನೌ. ಕುಡ್ ಯು ಪ್ಲೀಸ್ ಚೆಕ್ ಯುವರ್ ಇನ್‌ಬಾಕ್ಸ್ ವೈಲ್ ವಿ ಆರ್ ಆನ್ ದಿ ಫೋನ್?’ ಪತ್ರ ತಲುಪಿತು ಎಂದು ಅವರ ಬಾಯಿಂದಲೇ ಕೇಳಿದ ಮೇಲೆ ಕೇಸ್ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಹೇಳಿ.

ಆಮೇಲೆ ಟಿಪ್ಪಣಿ. ‘ಗ್ರಾಹಕಿ ಸಿಟ್ಟಾಗಿದ್ದರು’ ಎಂದು ಬರೆದರೆ ಮುಂದಿನವರಿಗೆ ಉಪಯೋಗವಿಲ್ಲ. ಅವರು ಕೇಳಿದ್ದು, ನೀವು ಪರದೆಯಲ್ಲಿ ಕಂಡದ್ದು, ಕೊಟ್ಟ ಮಾತು, ಕೊಡದೆ ಉಳಿಸಿದ ಮಾತು, ಈ ನಾಲ್ಕನ್ನು ಬರೆಯಿರಿ. ಈ ಕರೆಗೆ ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

```
3rd call. Charged twice for printer. 1 posted, 1 pending.
Letter emailed, customer confirmed receipt on call.
No release date promised. Earlier "24 hours" was incorrect.
Money was for rent. Do not ask her to repeat the story.
```

ಕೊನೆಯ ಸಾಲು ಅಧಿಕೃತ ಟಿಪ್ಪಣಿಗೆ ಬೇಕಿಲ್ಲ ಎನ್ನುವವರಿದ್ದಾರೆ. ನಾನು ಬಿಡುವುದಿಲ್ಲ. ಅವರು ಮತ್ತೊಮ್ಮೆ ಕರೆ ಮಾಡಬೇಕಾಗಿ ಬಂದರೆ, ಕರೆ ಎತ್ತಿದವರು ಮೊದಲು ಓದಬೇಕಾದ್ದು ಅದನ್ನೇ.